ರೌಟರ್‌ನ ಇನ್ನೊಂದು ಪಾಸ್‌ವರ್ಡ್

2017ರ ಜುಲೈ ಕೊನೆಯ ವಾರ ಕರ್ನಾಟಕದ ಸಾವಿರಾರು ಮನೆಗಳಲ್ಲಿ ಬಿಎಸ್‌ಎನ್‌ಎಲ್ ಬ್ರಾಡ್‌ಬ್ಯಾಂಡ್ ಇದ್ದಕ್ಕಿದ್ದಂತೆ ನಿಂತುಹೋಯಿತು. ಮಳೆಗಾಲದಲ್ಲಿ ಲೈನ್ ಕೆಡುವುದು ನಮಗೆ ಹೊಸದಲ್ಲ. ಆದರೆ ಆ ವಾರ ಕೆಟ್ಟದ್ದು ಲೈನ್ ಅಲ್ಲ, ಮನೆಯೊಳಗಿದ್ದ ಮೋಡೆಮ್. ಎಲ್ಲೋ ಕೂತವರು ಬರೆದ ಒಂದು ಪ್ರೋಗ್ರಾಮ್ ಇಂಟರ್ನೆಟ್ ಮೂಲಕವೇ ಬಂದು ಆ ಮೋಡೆಮ್‌ಗಳ ಒಳಹೊಕ್ಕು ಅವನ್ನು ಕೆಲಸಕ್ಕೆ ಬಾರದಂತೆ ಮಾಡಿತ್ತು. ಕಂಪನಿ ಮೊದಲು ಹೇಳಿದ ಲೆಕ್ಕ ಸುಮಾರು 2,000 ಮೋಡೆಮ್. ಆಮೇಲೆ ಪತ್ರಿಕೆಗಳಲ್ಲಿ ಬಂದ ಲೆಕ್ಕ 60,000ಕ್ಕೆ ಏರಿತು. ಕಾರ್ಖಾನೆಯಲ್ಲಿ ಇಟ್ಟ ಪಾಸ್‌ವರ್ಡನ್ನು ಬದಲಾಯಿಸದೆ ಬಿಟ್ಟ ಮೋಡೆಮ್‌ಗಳು ದಾಳಿಗೆ ಸಿಕ್ಕಿವೆ ಎಂದು ಕಂಪನಿ ತಿಳಿಸಿತು. ಬಳಕೆದಾರನ ಹೆಸರು admin, ಪಾಸ್‌ವರ್ಡೂ admin. ಅದನ್ನು ಕೂಡಲೇ ಬದಲಾಯಿಸಿಕೊಳ್ಳಿ ಎಂದು ಗ್ರಾಹಕರಿಗೆಲ್ಲ ಸೂಚನೆ ಹೋಯಿತು.

ಆ ಪ್ರೋಗ್ರಾಮಿಗೆ ತಜ್ಞರು ಇಟ್ಟ ಹೆಸರು ಬ್ರಿಕರ್‌ಬಾಟ್. ಉಪಕರಣವನ್ನು ಇಟ್ಟಿಗೆಯಷ್ಟೇ ನಿರುಪಯೋಗಿ ಮಾಡಿಬಿಡುತ್ತದೆ ಎಂಬುದಕ್ಕೆ ಆ ಹೆಸರು. ಅದು ಮಾಡುತ್ತಿದ್ದ ಕೆಲಸದಲ್ಲಿ ಜಾಣತನವೇನೂ ಹೆಚ್ಚಿರಲಿಲ್ಲ. ಇಂಟರ್ನೆಟ್ಟಿನಲ್ಲಿ ಕಾಣುವ ಉಪಕರಣಗಳ ಬಾಗಿಲನ್ನು ಸಾಲಾಗಿ ತಟ್ಟುವುದು, ತನ್ನ ಬಳಿಯಿರುವ ಕಾರ್ಖಾನೆ ಪಾಸ್‌ವರ್ಡ್‌ಗಳನ್ನು ಒಂದೊಂದಾಗಿ ಕೊಟ್ಟು ನೋಡುವುದು, ತೆರೆದುಕೊಂಡರೆ ಒಳಗಿನ ಮೆಮೊರಿಯಲ್ಲಿ ಅರ್ಥವಿಲ್ಲದ ಅಕ್ಷರ ಬರೆದು ಅಳಿಸಿಹಾಕುವುದು, ಇಷ್ಟೇ. ಬಿಎಸ್‌ಎನ್‌ಎಲ್ ದಾಳಿಯ ಹೊಣೆ ತನ್ನದೆಂದು ಅದನ್ನು ಬರೆದವನೇ ಹೇಳಿಕೊಂಡ.

ಎಂಟು ವರ್ಷಕ್ಕೂ ಹಿಂದಿನ ಈ ಸಂಗತಿ ಈಗಲೂ ಬೇಕಾದದ್ದು ಎಂದು ನನಗನ್ನಿಸುವುದಕ್ಕೆ ಒಂದು ಕಾರಣವಿದೆ. ಆ ವಾರ ಮೋಡೆಮ್ ಕಳೆದುಕೊಂಡ ಮನೆಗಳಲ್ಲಿ ವೈಫೈಗೆ ಎಂಥ ಪಾಸ್‌ವರ್ಡ್ ಇತ್ತೆಂಬುದು ಲೆಕ್ಕಕ್ಕೇ ಬರಲಿಲ್ಲ. ಮಕ್ಕಳ ಹೆಸರೋ, ಮೊಬೈಲ್ ನಂಬರೋ, ಯಾರೂ ಊಹಿಸಲಾಗದ ಉದ್ದನೆಯ ಸಾಲೋ, ಏನೇ ಇದ್ದರೂ ಅದು ಈ ದಾಳಿಯನ್ನು ತಡೆಯುವಂತಿರಲಿಲ್ಲ. ಏಕೆಂದರೆ ದಾಳಿ ಬಂದದ್ದು ವೈಫೈ ಬಾಗಿಲಿನಿಂದಲ್ಲ.

ಪ್ರತಿ ರೌಟರಿಗೂ ಎರಡು ಪಾಸ್‌ವರ್ಡ್ ಇರುತ್ತವೆ. ಒಂದು ವೈಫೈಗೆ ಸೇರಿಕೊಳ್ಳಲು. ಮನೆಗೆ ಬಂದ ನೆಂಟರು ಕಾಫಿ ಲೋಟ ಕೆಳಗಿಡುವ ಮೊದಲೇ ಕೇಳುವುದು ಅದನ್ನು. ಇನ್ನೊಂದು ರೌಟರಿನ ಆಡಳಿತ ಪುಟವನ್ನು ತೆರೆಯಲು. ವೈಫೈ ಹೆಸರೇನಿರಬೇಕು, ಯಾವ ಫೋನನ್ನು ಒಳಗೆ ಬಿಡಬೇಕು, ಹೊರಗಿನ ಇಂಟರ್ನೆಟ್ಟಿಗೆ ಯಾವ ಹೆಸರಿನಲ್ಲಿ ಸಂಪರ್ಕ ಪಡೆಯಬೇಕು ಎಂಬುದನ್ನೆಲ್ಲ ನಿರ್ಧರಿಸುವುದು ಆ ಪುಟದಲ್ಲಿ. ಫೈಬರ್ ಹಾಕಲು ಬಂದ ಹುಡುಗ ಮೊದಲನೆಯದನ್ನು ನಮ್ಮನ್ನು ಕೇಳಿ ಬದಲಾಯಿಸಿಕೊಟ್ಟು ಹೋಗುತ್ತಾನೆ. ಎರಡನೆಯದರ ಸುದ್ದಿ ಅವನೂ ಎತ್ತುವುದಿಲ್ಲ, ನಾವೂ ಕೇಳುವುದಿಲ್ಲ.

ಆಡಳಿತ ಪುಟ ಬೇರೆಯವರ ಕೈಗೆ ಸಿಕ್ಕರೆ ಏನಾಗುತ್ತದೆ? ಬ್ರಿಕರ್‌ಬಾಟ್‌ನ ಹಾಗೆ ಹಾಳುಮಾಡುವವರು ಅಪರೂಪ. ಹೆಚ್ಚಿನವರಿಗೆ ರೌಟರ್ ಚೆನ್ನಾಗಿ ಓಡುತ್ತಲೇ ಇರಬೇಕು, ಮನೆಯವರಿಗೆ ಏನೂ ಗೊತ್ತಾಗಬಾರದು. ಅವರು ಕೈಯಿಡುವುದು ಡಿಎನ್‌ಎಸ್ ಎಂಬ ಒಂದು ಸಾಲಿನ ಮೇಲೆ.

ನಾವು ಬ್ಯಾಂಕಿನ ವಿಳಾಸವನ್ನು ಅಕ್ಷರಗಳಲ್ಲಿ ಟೈಪ್ ಮಾಡುತ್ತೇವೆ. ಕಂಪ್ಯೂಟರಿಗೆ ಬೇಕಾದದ್ದು ಅಂಕಿಗಳ ವಿಳಾಸ. ಈ ಹೆಸರಿಗೆ ಯಾವ ಅಂಕಿ ಎಂದು ಅದು ಒಂದು ಸರ್ವರನ್ನು ಕೇಳಿ ತಿಳಿದುಕೊಳ್ಳುತ್ತದೆ. ಆ ಸರ್ವರ್ ಯಾವುದೆಂದು ಮನೆಯ ಎಲ್ಲ ಫೋನಿಗೂ ಲ್ಯಾಪ್‌ಟಾಪಿಗೂ ಹೇಳಿಕೊಡುವುದು ರೌಟರ್. ಆಡಳಿತ ಪುಟಕ್ಕೆ ಹೋಗಿ ಆ ಸಾಲಿನಲ್ಲಿ ತನ್ನ ಸರ್ವರಿನ ಅಂಕಿಯನ್ನು ಬರೆದಿಟ್ಟವನು ಆಮೇಲೆ ಮನೆಯ ಯಾವ ಉಪಕರಣವನ್ನೂ ಮುಟ್ಟಬೇಕಿಲ್ಲ. ಊರಿಗೆ ಹೊಸಬರು ಬಸ್ ಸ್ಟ್ಯಾಂಡಿನಲ್ಲಿ ವಿಳಾಸ ಕೇಳಿದಾಗ ಬೇರೆ ಬೀದಿ ತೋರಿಸಿ ಕಳಿಸಿದ ಹಾಗೆ, ನಾವು ಕೇಳಿದ ಬ್ಯಾಂಕಿನ ಬದಲು ಅದರಂತೆಯೇ ಕಾಣುವ ಪುಟಕ್ಕೆ ಅವನು ನಮ್ಮನ್ನು ಒಯ್ಯಬಲ್ಲ.

ಬ್ರೆಜಿಲ್‌ನಲ್ಲಿ ಇದು ನಡೆದೂ ಹೋಯಿತು. 2015ರ ಆರಂಭದಲ್ಲಿ ಪ್ರೂಫ್‌ಪಾಯಿಂಟ್ ಎಂಬ ಭದ್ರತಾ ಕಂಪನಿ ವರದಿ ಮಾಡಿದ ಪ್ರಕಾರ, ಅಲ್ಲಿನ ಒಂದು ದೊಡ್ಡ ದೂರವಾಣಿ ಕಂಪನಿಯ ಹೆಸರಿನಲ್ಲಿ ಬಿಲ್ ಬಾಕಿಯಿದೆ ಎಂಬ ಇಮೇಲ್‌ಗಳು ಜನರಿಗೆ ಬಂದವು. ಅದರಲ್ಲಿದ್ದ ಲಿಂಕ್ ಒತ್ತಿದರೆ ಒಂದು ಪುಟ ತೆರೆಯುತ್ತಿತ್ತು. ಆ ಪುಟದೊಳಗೆ ಅಡಗಿದ್ದ ಕೋಡ್, ಮನೆಯವರ ಬ್ರೌಸರಿನಿಂದಲೇ, ಮನೆಯ ರೌಟರಿನ ಬಾಗಿಲಿಗೆ ಹೋಗಿ ಕಾರ್ಖಾನೆ ಪಾಸ್‌ವರ್ಡ್‌ಗಳನ್ನು ಕೊಟ್ಟು ನೋಡುತ್ತಿತ್ತು. ಒಂದು ಸರಿಹೋದರೆ ಡಿಎನ್‌ಎಸ್ ಸಾಲನ್ನು ಬದಲಾಯಿಸುತ್ತಿತ್ತು.

ಈ ವಿಧಾನವನ್ನು ಸ್ವಲ್ಪ ನಿಧಾನವಾಗಿ ನೋಡಬೇಕು, ಏಕೆಂದರೆ ಜನ ಹೇಳುವ ಒಂದು ಸಮಾಧಾನ ಇಲ್ಲಿ ಕುಸಿಯುತ್ತದೆ. ‘ನಮ್ಮ ರೌಟರಿನ ಪುಟ ಮನೆಯೊಳಗಿಂದ ಮಾತ್ರ ತೆರೆಯುತ್ತದೆ, ಹೊರಗಿನವರು ಹೇಗೆ ಬರುತ್ತಾರೆ?’ ಎಂದು ಕೇಳುವವರುಂಟು. ಹೊರಗಿನವರು ಬರಬೇಕಿಲ್ಲ. ಮನೆಯೊಳಗಿರುವ ನಮ್ಮ ಬ್ರೌಸರೇ ಅವರ ಪರವಾಗಿ ಹೋಗಿ ಕೇಳುತ್ತದೆ. ರೌಟರಿಗೆ ಕಾಣುವುದು ಮನೆಯ ಲ್ಯಾಪ್‌ಟಾಪ್, ಸರಿಯಾದ ಹೆಸರು, ಸರಿಯಾದ ಪಾಸ್‌ವರ್ಡ್. ಅಮೆರಿಕದ ಇಂಡಿಯಾನಾ ವಿಶ್ವವಿದ್ಯಾಲಯ ಮತ್ತು ಸಿಮ್ಯಾಂಟೆಕ್ ಕಂಪನಿಯ ಸಂಶೋಧಕರು ಇದರ ಬಗ್ಗೆ 2007ರ ಹೊತ್ತಿಗೇ ಎಚ್ಚರಿಸಿದ್ದರು. ಆಗ ಅವರು ಹೇಳಿದ ಮೊದಲ ಪರಿಹಾರವೂ ಇದೇ: ಆಡಳಿತ ಪಾಸ್‌ವರ್ಡ್ ಬದಲಾಯಿಸಿ. ಪುಟದೊಳಗಿನ ಕೋಡಿಗೆ ಊಹಿಸಲು ಸಿಗುವುದು ಕಾರ್ಖಾನೆಯವು ಮತ್ತು ತೀರ ಸಾಮಾನ್ಯವಾದವು ಮಾತ್ರ. ಅವು ನಡೆಯದಿದ್ದರೆ ಈ ದಾರಿ ಅಲ್ಲಿಗೇ ನಿಲ್ಲುತ್ತದೆ.

ಕಾರ್ಖಾನೆ ಪಾಸ್‌ವರ್ಡ್‌ಗಳ ಪಟ್ಟಿ ಗುಟ್ಟಿನದೇನೂ ಅಲ್ಲ. 2016ರಲ್ಲಿ ಮಿರಾಯ್ ಎಂಬ ಪ್ರೋಗ್ರಾಮಿನ ಮೂಲ ಕೋಡನ್ನು ಬರೆದವರೇ ಹೊರಗೆ ಹಾಕಿದರು. ಅದರಲ್ಲಿದ್ದದ್ದು ಬಳಕೆದಾರನ ಹೆಸರು ಮತ್ತು ಪಾಸ್‌ವರ್ಡಿನ ಅರವತ್ತು ಚಿಲ್ಲರೆ ಜೋಡಿಗಳು: admin ಮತ್ತು admin, root ಮತ್ತು 12345, ಹೀಗೆ. ಅಷ್ಟನ್ನೇ ಹಿಡಿದುಕೊಂಡು ಅದು ಲಕ್ಷಗಟ್ಟಲೆ ಕ್ಯಾಮೆರಾ, ರೌಟರ್‌ಗಳನ್ನು ವಶಮಾಡಿಕೊಂಡಿತ್ತು. ಆ ವರ್ಷ ಅಕ್ಟೋಬರ್ 21ರಂದು ಅವೆಲ್ಲ ಸೇರಿ ಡಿನ್ ಎಂಬ ಕಂಪನಿಯ ಸರ್ವರುಗಳ ಮೇಲೆ ಮುಗಿಬಿದ್ದಾಗ ಅಮೆರಿಕದಲ್ಲಿ ಟ್ವಿಟರ್, ನೆಟ್‌ಫ್ಲಿಕ್ಸ್‌ನಂಥವು ಗಂಟೆಗಟ್ಟಲೆ ತೆರೆಯಲಿಲ್ಲ. ತಮ್ಮ ಮನೆಯ ಉಪಕರಣ ಆ ದಿನ ಅದರಲ್ಲಿ ಸೇರಿತ್ತೆಂದು ಅದರ ಮಾಲೀಕರಿಗೆ ತಿಳಿಯಲು ಯಾವ ದಾರಿಯೂ ಇರಲಿಲ್ಲ.

ಇನ್ನು ಬದಲಾಯಿಸುವ ಕೆಲಸ. ಇದನ್ನು ಮೈಸೂರಿನಲ್ಲಿ ನಮ್ಮ ಅಕ್ಕನ ಮನೆಯ ರೌಟರಿನ ಮೇಲೆ ಮಾಡಿದ ಹಾಗೆಯೇ ಹೇಳುತ್ತೇನೆ, ಏಕೆಂದರೆ ಅಲ್ಲಿ ಎದುರಾದ ತೊಡಕುಗಳೇ ಹೆಚ್ಚು ಮನೆಗಳಲ್ಲಿ ಎದುರಾಗುತ್ತವೆ. ಫೈಬರ್ ಕಂಪನಿಯವರೇ ಕೊಟ್ಟ ಬಿಳಿ ಡಬ್ಬಿ ಅದು, ಫೈಬರ್ ತಂತಿ ಹಿಡಿಯುವುದೂ ವೈಫೈ ಬಿಡುವುದೂ ಒಂದೇ ಪೆಟ್ಟಿಗೆ. ವಿಷಯ ಎತ್ತಿದಾಗ ಭಾವ, “ಪಾಸ್‌ವರ್ಡ್ ಹೋದ ತಿಂಗಳೇ ಬದಲಾಯಿಸಿದೆನಲ್ಲ, ಮೇಲಿನ ಮನೆ ಹುಡುಗರು ಸೇರ್ಕೊಂಡಿದ್ರು ಅಂತ” ಎಂದರು. “ಅದು ವೈಫೈದು ಭಾವ. ರೌಟರ್ ಒಳಗೆ ಹೋಗೋದಕ್ಕೆ ಬೇರೆ ಇರುತ್ತೆ” ಎಂದೆ. “ಅದು ಯಾವುದು? ನಮಗೆ ಕೊಟ್ಟೇ ಇಲ್ಲವಲ್ಲ” ಎಂದರು. ಕೊಟ್ಟಿದ್ದರು. ಡಬ್ಬಿಯ ತಳದಲ್ಲಿ ಅಂಟಿಸಿದ ಚೀಟಿಯಲ್ಲಿ ಸಣ್ಣ ಅಕ್ಷರದಲ್ಲಿ ಇತ್ತು.

ಆ ಚೀಟಿಯ ಫೋಟೋ ತೆಗೆದುಕೊಳ್ಳುವುದು ಮೊದಲ ಕೆಲಸ. ಅದರಲ್ಲಿ ವೈಫೈ ಹೆಸರು, ವೈಫೈ ಕೀ, ಆಡಳಿತ ಪುಟದ ವಿಳಾಸ, ಬಳಕೆದಾರನ ಹೆಸರು, ಪಾಸ್‌ವರ್ಡ್ ಎಲ್ಲ ಇರುತ್ತದೆ. ಗೋಡೆಗೆ ಬಡಿದ ಡಬ್ಬಿಯನ್ನು ಮತ್ತೆ ಮತ್ತೆ ಬಿಚ್ಚುವುದು ತಪ್ಪುತ್ತದೆ, ಏನಾದರೂ ಹೆಚ್ಚುಕಮ್ಮಿಯಾದರೆ ಹಿಂದಿನ ಸ್ಥಿತಿಯ ದಾಖಲೆಯೂ ಉಳಿಯುತ್ತದೆ.

ಚೀಟಿ ಮಾಸಿಹೋಗಿದ್ದರೆ ಪುಟದ ವಿಳಾಸವನ್ನು ಲ್ಯಾಪ್‌ಟಾಪಿನಿಂದಲೇ ತಿಳಿಯಬಹುದು. ವಿಂಡೋಸ್‌ನಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆದು ಇದನ್ನು ಟೈಪ್ ಮಾಡಿ:

```
ipconfig
```

ಬರುವ ಸಾಲುಗಳಲ್ಲಿ Default Gateway ಎಂಬುದರ ಮುಂದಿರುವ ಅಂಕಿಯೇ ರೌಟರಿನ ವಿಳಾಸ. ಆಂಡ್ರಾಯ್ಡ್ ಫೋನಿನಲ್ಲಾದರೆ ವೈಫೈ ಸೆಟ್ಟಿಂಗಿನಲ್ಲಿ ನಿಮ್ಮ ವೈಫೈ ಹೆಸರನ್ನು ಒತ್ತಿ ವಿವರ ನೋಡಿದರೆ Gateway ಎಂದು ಕಾಣುತ್ತದೆ. ಸಾಮಾನ್ಯವಾಗಿ ಅದು 192.168.1.1 ಅಥವಾ 192.168.0.1 ಆಗಿರುತ್ತದೆ. ಜಿಯೋಫೈಬರ್ ಡಬ್ಬಿಗಳಲ್ಲಿ 192.168.29.1. ಅಕ್ಕನ ಮನೆಯಲ್ಲಿದ್ದದ್ದು 192.168.1.1.

ಇದನ್ನು ಬ್ರೌಸರಿನ ಮೇಲಿನ ವಿಳಾಸದ ಪಟ್ಟಿಯಲ್ಲಿ ಟೈಪ್ ಮಾಡಬೇಕು, ಗೂಗಲ್‌ನಲ್ಲಿ ಹುಡುಕಬಾರದು. ಒಂದು ಎಂಬ ಅಂಕಿಯ ಬದಲು ಇಂಗ್ಲಿಷಿನ ಸಣ್ಣ ಎಲ್ ಅಕ್ಷರ ಹೊಡೆದು ಎಲ್ಲೆಲ್ಲಿಗೋ ಹೋಗುವವರು ಬಹಳ. ರೌಟರ್ ಲಾಗಿನ್ ಎಂದು ಹುಡುಕಿದರೆ ಸಹಾಯ ಮಾಡುತ್ತೇವೆಂದು ಫೋನ್ ನಂಬರ್ ತೋರಿಸುವ, ಕಂಪನಿಗೆ ಸಂಬಂಧವೇ ಇಲ್ಲದ ಪುಟಗಳೂ ಸಿಗುತ್ತವೆ. ಅಲ್ಲಿಗೆ ಕರೆ ಮಾಡುವುದು ಸುಮ್ಮನೆ ತೊಂದರೆಯನ್ನು ಕರೆದಂತೆ. ಫೋನಿನಿಂದ ತೆರೆಯುವುದಾದರೆ ಮೊಬೈಲ್ ಡೇಟಾ ಆರಿಸಿ. ಇಲ್ಲವಾದರೆ ಫೋನ್ ಒಮ್ಮೊಮ್ಮೆ ವೈಫೈ ಬಿಟ್ಟು ಹೊರಗೆ ಹುಡುಕಲು ಹೋಗಿ ಪುಟ ಸಿಗುತ್ತಿಲ್ಲ ಎನ್ನುತ್ತದೆ.

ಬ್ರೌಸರ್ ಇಲ್ಲಿ Not secure ಎಂದೋ, ಕೆಂಪು ಬಣ್ಣದ ಎಚ್ಚರಿಕೆಯನ್ನೋ ತೋರಿಸಬಹುದು. ಮನೆಯೊಳಗಿನ ಡಬ್ಬಿಗೆ ಬ್ಯಾಂಕಿಗಿರುವಂಥ ಪ್ರಮಾಣಪತ್ರ ಇರುವುದಿಲ್ಲವಾದ್ದರಿಂದ ಹೀಗೆ. ನಾವೇ ಟೈಪ್ ಮಾಡಿದ ರೌಟರಿನ ವಿಳಾಸದಲ್ಲಿ ಮಾತ್ರ ಈ ಎಚ್ಚರಿಕೆಯನ್ನು ದಾಟಿ ಮುಂದೆ ಹೋಗಬಹುದು. ಬೇರೆಲ್ಲೂ ದಾಟಬಾರದು.

ಹೆಸರು admin, ಪಾಸ್‌ವರ್ಡ್ ಚೀಟಿಯಲ್ಲಿದ್ದದ್ದು, ಎರಡನ್ನೂ ಕೊಟ್ಟ ಕೂಡಲೇ ಪುಟ ತೆರೆಯಿತು. ಭಾವನಿಗೆ ಆಶ್ಚರ್ಯವಾದದ್ದು ಇಲ್ಲಿ. ಮನೆಯ ಒಂಬತ್ತು ಉಪಕರಣಗಳ ಹೆಸರು ಅಲ್ಲಿ ಸಾಲಾಗಿ ಕಾಣುತ್ತಿತ್ತು, ವೈಫೈ ಪಾಸ್‌ವರ್ಡ್ ಪಕ್ಕದ ಕಣ್ಣಿನ ಗುರುತು ಒತ್ತಿದರೆ ಅದೂ ಓದಲು ಸಿಗುತ್ತಿತ್ತು. ಮೇಲಿನ ಮನೆ ಹುಡುಗರಿಗಾಗಿ ಬದಲಾಯಿಸಿದ ಪಾಸ್‌ವರ್ಡ್, ಬದಲಾಯಿಸದ ಪಾಸ್‌ವರ್ಡಿನ ಹಿಂದೆ ಕೂತಿತ್ತು.

ಬದಲಾಯಿಸುವ ಮೊದಲು ಇನ್ನೊಂದು ಫೋಟೋ ತೆಗೆದೆವು, WAN ಎಂಬ ಪುಟದ್ದು. ಫೈಬರ್ ಕಂಪನಿಗೆ ಸಂಪರ್ಕ ಪಡೆಯುವ PPPoE ಹೆಸರು, ವಿಎಲ್ಯಾನ್ ಸಂಖ್ಯೆ ಅಲ್ಲಿರುತ್ತವೆ. ಪಾಸ್‌ವರ್ಡ್ ಚುಕ್ಕೆಗಳಾಗಿ ಕಾಣುವುದರಿಂದ ಅದನ್ನು ಕಂಪನಿಯವರಿಂದಲೇ ಕೇಳಿ ಬರೆದಿಟ್ಟುಕೊಳ್ಳಬೇಕು. ಈ ಮಾಹಿತಿ ಏಕೆ ಅಷ್ಟು ಮುಖ್ಯ ಎಂಬುದನ್ನು ಮುಂದೆ ಹೇಳುತ್ತೇನೆ.

ಪಾಸ್‌ವರ್ಡ್ ಬದಲಾಯಿಸುವ ಜಾಗ ಒಂದೊಂದು ಕಂಪನಿಯ ಡಬ್ಬಿಯಲ್ಲಿ ಒಂದೊಂದು ಕಡೆ ಇರುತ್ತದೆ. Management, Administration, System Tools, Maintenance ಎಂಬ ಹೆಸರುಗಳಲ್ಲಿ ಒಂದರ ಕೆಳಗೆ ಹುಡುಕಿದರೆ ಸಿಗುತ್ತದೆ. Wireless ಅಥವಾ WLAN ಎಂಬುದರ ಕೆಳಗಿರುವುದು ವೈಫೈ ಪಾಸ್‌ವರ್ಡ್, ನಮಗೀಗ ಬೇಕಾದದ್ದು ಅದಲ್ಲ. ಅಕ್ಕನ ಮನೆಯ ಡಬ್ಬಿಯಲ್ಲಿ Management ಒಳಗೆ ಎರಡು ಖಾತೆ ಇದ್ದವು, ಒಂದು admin, ಇನ್ನೊಂದು user. ಎರಡನೆಯದರ ಪಾಸ್‌ವರ್ಡೂ user ಎಂದೇ ಇತ್ತು. ಮೊದಲನೆಯದನ್ನು ಭದ್ರಮಾಡಿ ಎರಡನೆಯದನ್ನು ಹಾಗೇ ಬಿಟ್ಟರೆ ಮಾಡಿದ ಕೆಲಸ ಅರ್ಧವೇ. ಆದ್ದರಿಂದ ಪಟ್ಟಿಯಲ್ಲಿ ಎಷ್ಟು ಖಾತೆ ಕಾಣುತ್ತವೋ ಅಷ್ಟನ್ನೂ ನೋಡಬೇಕು. ಬಳಕೆದಾರನ ಹೆಸರನ್ನೂ ಬದಲಾಯಿಸಲು ಬಿಟ್ಟರೆ ಬದಲಾಯಿಸಿ. ಅನೇಕ ಡಬ್ಬಿಗಳು ಬಿಡುವುದಿಲ್ಲ. ಪಾಸ್‌ವರ್ಡ್ ಗಟ್ಟಿಯಾಗಿದ್ದರೆ ಅದು ದೊಡ್ಡ ಕೊರತೆಯಲ್ಲ.

ಗಟ್ಟಿ ಎಂದರೆ ಎಂಥದ್ದು? ಒಂದಕ್ಕೊಂದು ಸಂಬಂಧವಿಲ್ಲದ ಮೂರು ನಾಲ್ಕು ಕನ್ನಡ ಪದಗಳನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದು ನಡುವೆ ಅಂಕಿ ಸೇರಿಸಿ. hunase47tottilugarike ಎಂಬಂಥದ್ದು. ಇಲ್ಲಿ ಅಚ್ಚಾಗಿರುವುದರಿಂದ ಇದನ್ನೇ ಇಟ್ಟುಕೊಳ್ಳಬೇಡಿ, ನಿಮ್ಮದೇ ಕಟ್ಟಿಕೊಳ್ಳಿ. ವೈಫೈ ಪಾಸ್‌ವರ್ಡನ್ನೇ ಇಲ್ಲಿಯೂ ಕೊಡಬಾರದು, ಅದು ಈಗಾಗಲೇ ಹತ್ತಾರು ಜನರ ಫೋನಿನಲ್ಲಿದೆ. ಮನೆಯ ಮೊಬೈಲ್ ನಂಬರಂತೂ ಬೇಡವೇ ಬೇಡ.

ನಾವು ಕೊಟ್ಟ ಉದ್ದನೆಯ ಪಾಸ್‌ವರ್ಡನ್ನು ಡಬ್ಬಿ ಒಪ್ಪಿಕೊಂಡು ಉಳಿಸಿದೆ ಎಂದಿತು. ಮತ್ತೆ ಲಾಗಿನ್ ಆಗಲು ಹೋದರೆ ತಪ್ಪು ಎಂದಿತು. ಕೊಟ್ಟದ್ದರಲ್ಲಿ ಮೊದಲ 16 ಅಕ್ಷರಗಳನ್ನು ಮಾತ್ರ ಹೊಡೆದಾಗ ತೆರೆಯಿತು. ಅಷ್ಟಕ್ಕಿಂತ ಹೆಚ್ಚನ್ನು ಅದು ಬಾಯಿಬಿಡದೆ ಕತ್ತರಿಸಿ ಹಾಕಿತ್ತು. ಅಗ್ಗದ ಡಬ್ಬಿಗಳಲ್ಲಿ ಇದು ಆಗಾಗ ಕಾಣುವ ದೋಷ. ಕೆಲವು ಮಾದರಿಗಳು ಖಾಲಿ ಜಾಗ, ಉದ್ಧರಣ ಚಿಹ್ನೆ, & ಮುಂತಾದ ಗುರುತುಗಳಿದ್ದರೂ ಹೀಗೆಯೇ ಎಡವುತ್ತವೆ. ಅದಕ್ಕೇ ಪದ ಮತ್ತು ಅಂಕಿ ಸಾಕು, 12ರಿಂದ 16 ಅಕ್ಷರಗಳ ಒಳಗೆ ಮುಗಿಯಲಿ. ಬದಲಾಯಿಸಿದ ಮೇಲೆ ಆ ಕಿಟಕಿಯನ್ನು ಮುಚ್ಚದೆ, ಬ್ರೌಸರಿನ ಖಾಸಗಿ ಕಿಟಕಿಯೊಂದನ್ನು ತೆರೆದು ಅಲ್ಲಿ ಹೊಸದರಿಂದ ಲಾಗಿನ್ ಆಗಿ ನೋಡಬೇಕು. ಆಗಲಿಲ್ಲವೆಂದರೆ ಹಳೆಯ ಕಿಟಕಿಯಿಂದ ಸರಿಪಡಿಸಲು ಅವಕಾಶವಿರುತ್ತದೆ. ಕೆಲವು ಡಬ್ಬಿಗಳು ಬದಲಾಯಿಸಿದ ಕ್ಷಣವೇ ಹೊರಗೆ ತಳ್ಳುತ್ತವೆ, ಅಲ್ಲಿ ಈ ಉಪಾಯ ನಡೆಯದು. ಹೊಸದು ತೆರೆದರೆ ಸಾಲದು, ಹಳೆಯ admin ಪಾಸ್‌ವರ್ಡನ್ನೂ ಕೊಟ್ಟು ಅದು ತೆರೆಯುತ್ತಿಲ್ಲ ಎಂಬುದನ್ನು ಕಣ್ಣಾರೆ ನೋಡಬೇಕು. ಕೆಲಸ ಆಗಿದೆ ಎನ್ನುವುದಕ್ಕೆ ನಿಜವಾದ ಸಾಕ್ಷಿ ಆ ತಿರಸ್ಕಾರವೇ. ತಪ್ಪು ಪಾಸ್‌ವರ್ಡನ್ನು ಹಲವು ಸಲ ಕೊಟ್ಟರೆ ಕೆಲವು ಡಬ್ಬಿಗಳು ಕೆಲವು ನಿಮಿಷ ಬಾಗಿಲು ಹಾಕಿಕೊಳ್ಳುತ್ತವೆ. ಗಾಬರಿ ಬೇಡ, ಕಾದು ಮತ್ತೆ ನೋಡಿದರಾಯಿತು.

ಪಾಸ್‌ವರ್ಡ್ ಮುಗಿದ ಮೇಲೆ ನೋಡಬೇಕಾದ ಸೆಟ್ಟಿಂಗ್ ಒಂದೇ ಒಂದು ಎಂದು ಯಾರಾದರೂ ಕೇಳಿದರೆ, Remote Management ಎನ್ನುತ್ತೇನೆ. ಆಡಳಿತ ಪುಟವನ್ನು ಮನೆಯ ಹೊರಗಿನಿಂದಲೂ, ಅಂದರೆ ಇಡೀ ಇಂಟರ್ನೆಟ್ಟಿನಿಂದ, ತೆರೆಯಲು ಬಿಡಬೇಕೇ ಎಂಬುದನ್ನು ಅದು ತೀರ್ಮಾನಿಸುತ್ತದೆ. ಕೆಲವು ಡಬ್ಬಿಗಳಲ್ಲಿ ಇದೇ Access Control ಎಂಬ ಹೆಸರಿನಲ್ಲಿ ಒಂದು ಪಟ್ಟಿಯಾಗಿ ಕಾಣುತ್ತದೆ: ಒಂದು ಕಡೆ HTTP, HTTPS, Telnet, SSH, FTP ಎಂಬ ಸಾಲುಗಳು, ಮೇಲೆ LAN ಮತ್ತು WAN ಎಂಬ ಎರಡು ಕಂಬಗಳು. LAN ಎಂದರೆ ಮನೆಯ ಒಳಗೆ, WAN ಎಂದರೆ ಹೊರಗೆ. ಅಕ್ಕನ ಮನೆಯಲ್ಲಿ WAN ಕಂಬದಲ್ಲಿ HTTP ಮತ್ತು Telnet ಎರಡಕ್ಕೂ ಗುರುತು ಹಾಕಿತ್ತು. ಬಾಗಿಲು ತಟ್ಟಿ ಅರವತ್ತು ಚಿಲ್ಲರೆ ಪಾಸ್‌ವರ್ಡ್ ಕೊಟ್ಟು ನೋಡುವ ಪ್ರೋಗ್ರಾಮುಗಳಿಗೆ ಬೇಕಾದದ್ದು ಇದೇ Telnet ಬಾಗಿಲು. WAN ಕಂಬದ ಗುರುತುಗಳನ್ನೆಲ್ಲ ತೆಗೆದು ಉಳಿಸಿದೆವು. ಒಳಗಿನ HTTP ಮಾತ್ರ ಹಾಗೇ ಇರಬೇಕು, ಅದನ್ನೂ ತೆಗೆದರೆ ನಾವೇ ಹೊರಗುಳಿಯುತ್ತೇವೆ.

TR-069 ಎಂಬ ಇನ್ನೊಂದು ಸಾಲು ಕಂಡರೆ ಕೈಯಿಡಬೇಡಿ. ಕಂಪನಿಯವರು ದೂರದಿಂದಲೇ ಡಬ್ಬಿಯ ಸಾಫ್ಟ್‌ವೇರ್ ನವೀಕರಿಸುವುದು, ಕೆಟ್ಟದ್ದನ್ನು ಸರಿಪಡಿಸುವುದು ಆ ದಾರಿಯಲ್ಲಿ. ಅದು ಹೊರಗಿನವರಿಗೆ ತೆರೆದಿರದಂತೆ ನೋಡಿಕೊಳ್ಳುವ ಹೊಣೆ ಕಂಪನಿಯ ಜಾಲದ್ದು. 2017ರ ದಾಳಿಯ ಹೊತ್ತಿನಲ್ಲಿ ಈ ದಾರಿಗೆ ಸೇರಿದ 7547 ಎಂಬ ಪೋರ್ಟ್ ಹೊರಗಿನಿಂದ ತಲುಪುವಂತಿತ್ತು ಎಂಬ ವರದಿಗಳೂ ಬಂದವು. ಪಾಸ್‌ವರ್ಡ್ ಬದಲಾಯಿಸಿಕೊಳ್ಳಿ ಎಂದು ಗ್ರಾಹಕರಿಗೆ ಹೇಳುವುದು ಸರಿಯೇ, ಆದರೆ ತಪ್ಪೆಲ್ಲ ಗ್ರಾಹಕರದೇ ಎನ್ನುವುದು ನ್ಯಾಯವಲ್ಲ. ಲಕ್ಷಾಂತರ ಡಬ್ಬಿಗಳನ್ನು ಒಂದೇ ಪಾಸ್‌ವರ್ಡಿನಲ್ಲಿ ಹಂಚಿದವರು ಜನಸಾಮಾನ್ಯರಲ್ಲ. ಬ್ರಿಟನ್ನಿನಲ್ಲಿ 2024ರ ಏಪ್ರಿಲ್ 29ರಿಂದ ಹಾಗೆ ಮಾರುವುದೇ ಕಾನೂನುಬಾಹಿರ. ಪ್ರತಿ ಡಬ್ಬಿಗೂ ಬೇರೆಯದೇ ಪಾಸ್‌ವರ್ಡ್ ಇರಬೇಕು, ಇಲ್ಲವೇ ಕೊಂಡವರೇ ಇಟ್ಟುಕೊಳ್ಳುವಂತಿರಬೇಕು. ಹೊಸ ರೌಟರುಗಳು ಮೊದಲ ಸಲ ತೆರೆದಾಗಲೇ ಪಾಸ್‌ವರ್ಡ್ ಇಡಿ ಎಂದು ಹಟಹಿಡಿಯುವುದಕ್ಕೆ ಇಂಥ ನಿಯಮಗಳೂ ಒಂದು ಕಾರಣ. ನಮ್ಮ ಮನೆಗಳಲ್ಲಿ ಓಡುತ್ತಿರುವವುಗಳಲ್ಲಿ ಹಳೆಯವು ಇನ್ನೂ ಬಹಳವಿವೆ.

ಹೊರಡುವ ಮೊದಲು ಡಿಎನ್‌ಎಸ್ ಸಾಲನ್ನು ನೋಡಬೇಕು. ಪಾಸ್‌ವರ್ಡ್ ಬದಲಾಯಿಸಿದರೆ ಇನ್ನು ಮುಂದೆ ಬರುವವರು ನಿಲ್ಲುತ್ತಾರೆ, ಮೊದಲೇ ಬಂದು ಬದಲಾಯಿಸಿ ಹೋದವರ ಕೆಲಸ ಹಾಗೇ ಉಳಿಯುತ್ತದೆ. WAN ಪುಟದಲ್ಲೊಂದು, DHCP ಪುಟದಲ್ಲೊಂದು, ಹೀಗೆ ಎರಡು ಕಡೆ ಡಿಎನ್‌ಎಸ್ ಇರಬಹುದು. ಕಂಪನಿಯಿಂದ ತಾನಾಗಿಯೇ ಪಡೆದುಕೊಳ್ಳುವಂತೆ ಇದ್ದರೆ, ಅಥವಾ DHCP ಪುಟದಲ್ಲಿ ರೌಟರಿನದೇ ವಿಳಾಸವಿದ್ದರೆ ಸರಿ. 8.8.8.8 ಗೂಗಲ್‌ನದು, 1.1.1.1 ಕ್ಲೌಡ್‌ಫ್ಲೇರ್‌ನದು, ಯಾರಾದರೂ ಬೇಕೆಂದೇ ಹಾಕಿರಬಹುದು. ಮನೆಯ ಯಾರೂ ಹಾಕದ, ಕಂಪನಿಯವರೂ ನಮ್ಮದಲ್ಲ ಎನ್ನುವ ಅಂಕಿ ಕಂಡರೆ ಮಾತ್ರ ಚಿಂತಿಸಬೇಕು. ಪುಟ ನೋಡದೆಯೂ ಒಂದು ಸುಳಿವು ಸಿಗುತ್ತದೆ: ಬ್ಯಾಂಕಿನ ಪುಟ ಮನೆಯ ವೈಫೈಯಲ್ಲಿ ಪ್ರಮಾಣಪತ್ರದ ಎಚ್ಚರಿಕೆ ತೋರಿಸಿ, ಅದೇ ಫೋನಿನ ಮೊಬೈಲ್ ಡೇಟಾದಲ್ಲಿ ಸರಿಯಾಗಿ ತೆರೆದರೆ, ದೋಷ ಫೋನಿನಲ್ಲಿಲ್ಲ, ರೌಟರಿನ ದಾರಿಯಲ್ಲಿದೆ. ಅಕ್ಕನ ಮನೆಯಲ್ಲಿ ಎರಡೂ ಸಾಲು ಸರಿಯಾಗಿಯೇ ಇದ್ದವು.

ಅನುಮಾನ ಬಂದ ರೌಟರನ್ನು ಒಮ್ಮೆ ಆರಿಸಿ ಹಚ್ಚಿದರೂ ಒಂದು ಲಾಭವಿದೆ. ಮಿರಾಯ್‌ನಂಥವು ತಾತ್ಕಾಲಿಕ ಮೆಮೊರಿಯಲ್ಲಿ ಮಾತ್ರ ಇರುತ್ತವೆ, ಸ್ವಿಚ್ ಆರಿಸಿದರೆ ಅಳಿದುಹೋಗುತ್ತವೆ. ಪಾಸ್‌ವರ್ಡ್ ಹಾಗೇ ಉಳಿದಿದ್ದರೆ ಕೆಲವೇ ನಿಮಿಷಗಳಲ್ಲಿ ಮತ್ತೆ ಬಂದು ಸೇರಬಲ್ಲವು. ಆದ್ದರಿಂದ ಆರಿಸಿ ಹಚ್ಚಿದ ಕೂಡಲೇ ಪಾಸ್‌ವರ್ಡ್ ಬದಲಾಯಿಸಿ, WAN ಬಾಗಿಲು ಮುಚ್ಚಬೇಕು, ಮಧ್ಯೆ ಊಟಕ್ಕೆ ಏಳಬಾರದು.

ಇದರಿಂದ ಆಗದ ಕೆಲಸವೂ ಇದೆ. ರೌಟರಿನ ಸಾಫ್ಟ್‌ವೇರಿನಲ್ಲೇ ದೋಷವಿದ್ದರೆ ಪಾಸ್‌ವರ್ಡನ್ನು ಕೇಳದೆಯೇ ಒಳಹೋಗುವ ದಾರಿಗಳಿರುತ್ತವೆ. ಅದಕ್ಕೆ ಮದ್ದು ಸಾಫ್ಟ್‌ವೇರ್ ನವೀಕರಣ, ಅದನ್ನು ಕಂಪನಿ ನಿಲ್ಲಿಸಿಬಿಟ್ಟಿದ್ದರೆ ಹೊಸ ರೌಟರ್. ಫೈಬರ್ ಕಂಪನಿ ಕೊಟ್ಟ ಡಬ್ಬಿಗಳಲ್ಲಿ ಗ್ರಾಹಕರಿಗೆ ಕಾಣದ, ಕಂಪನಿಯ ತಂತ್ರಜ್ಞರು ಬಳಸುವ ಮೇಲಿನ ದರ್ಜೆಯ ಖಾತೆಯೂ ಇರಬಹುದು. ಅದು ನಮ್ಮ ಕೈಗೆ ಸಿಗುವಂಥದ್ದಲ್ಲ. ಕೇಳುವುದಂತೂ ನಮ್ಮ ಹಕ್ಕು. ಆ ಖಾತೆಯ ಪಾಸ್‌ವರ್ಡ್ ಎಲ್ಲ ಮನೆಗೂ ಒಂದೇನಾ ಎಂದು ತಂತ್ರಜ್ಞನನ್ನು ಕೇಳಿ ನೋಡಿ.

ಹೊಸ ಪಾಸ್‌ವರ್ಡನ್ನು ಒಂದು ಚೀಟಿಯಲ್ಲಿ ಬರೆದು, ಮನೆಪತ್ರ, ಗ್ಯಾಸ್ ಪುಸ್ತಕ ಇಡುವ ಬೀರುವಿನಲ್ಲೇ ಇಡಿ ಎಂದು ಅಕ್ಕನಿಗೆ ಹೇಳಿದೆ. ಕಾಗದದಲ್ಲಿ ಬರೆಯಬಾರದು ಎಂಬ ಹಳೆಯ ಬುದ್ಧಿಮಾತು ಇಲ್ಲಿಗೆ ಹೊಂದುವುದಿಲ್ಲ. ದೂರದ ದೇಶದಿಂದ ಬಾಗಿಲು ತಟ್ಟುವ ಪ್ರೋಗ್ರಾಮಿಗೆ ನಮ್ಮ ಬೀರು ಎಟುಕದು. ಡಬ್ಬಿಯ ಮೇಲೆ ಮಾತ್ರ ಅಂಟಿಸಬೇಡಿ, ಮನೆಗೆ ಬರುವವರೆಲ್ಲ ಓದುವ ಜಾಗ ಅದು. ವರ್ಷಕ್ಕೊಮ್ಮೆಯೂ ಬೇಕಾಗದ ಪಾಸ್‌ವರ್ಡ್ ಮರೆತುಹೋಗುವುದು ಸಹಜ, ಮರೆತಾಗ ಜನ ಮಾಡುವ ಕೆಲಸವೇ ದೊಡ್ಡ ತೊಂದರೆ ತರುತ್ತದೆ.

ಡಬ್ಬಿಯ ಹಿಂದೆ ಸೂಜಿ ಹೋಗುವಷ್ಟು ಸಣ್ಣ ರಂಧ್ರದೊಳಗೆ ಒಂದು ಗುಂಡಿಯಿದೆ, Reset ಎಂದು ಬರೆದಿರುತ್ತದೆ. ಸುಮಾರು ಹತ್ತು ಸೆಕೆಂಡ್ ಒತ್ತಿ ಹಿಡಿದರೆ ಎಲ್ಲ ದೀಪಗಳೂ ಒಮ್ಮೆ ಆರಿ ಹೊತ್ತಿಕೊಂಡು, ಡಬ್ಬಿ ಕಾರ್ಖಾನೆಯಿಂದ ಬಂದ ಸ್ಥಿತಿಗೆ ಮರಳುತ್ತದೆ. ಮರೆತ ಪಾಸ್‌ವರ್ಡ್ ಹೋಗಿ ಚೀಟಿಯಲ್ಲಿದ್ದದ್ದು ಬರುತ್ತದೆ. ಅದರ ಜೊತೆಗೆ PPPoE ಹೆಸರು, ವಿಎಲ್ಯಾನ್ ಸಂಖ್ಯೆ, ಕೆಲವು ಡಬ್ಬಿಗಳಲ್ಲಿ ಫೈಬರ್ ಕಂಪನಿಯಲ್ಲಿ ನೋಂದಾಯಿಸಿದ ಗುರುತು, ಇವೂ ಅಳಿಸಿಹೋಗಬಹುದು. ವೈಫೈ ಕಾಣುತ್ತದೆ, ಇಂಟರ್ನೆಟ್ ಬರುವುದಿಲ್ಲ. ಭಾನುವಾರ ಸಂಜೆ ಗುಂಡಿ ಒತ್ತಿದವರು ಸೋಮವಾರ ಹುಡುಗ ಬರುವವರೆಗೆ ಕಾಯಬೇಕು. ಮೊದಲೇ ತೆಗೆದಿಟ್ಟ WAN ಪುಟದ ಫೋಟೋ ಮತ್ತು ಕೇಳಿ ಬರೆದಿಟ್ಟ ಪಾಸ್‌ವರ್ಡ್ ಕೈಯಲ್ಲಿದ್ದರೆ ಹೆಚ್ಚಿನ ಡಬ್ಬಿಗಳಲ್ಲಿ ನಾವೇ ಅದನ್ನೆಲ್ಲ ಮತ್ತೆ ತುಂಬಬಹುದು.

ರೀಸೆಟ್ ಆದ ಮೇಲೆ ಬಿಟ್ಟುಹೋಗುವ ಇನ್ನೊಂದು ಸಂಗತಿಯಿದೆ. ಇಂಟರ್ನೆಟ್ ಬಂದರೆ ಸಾಕೆಂದು ಎಲ್ಲರೂ ಸುಮ್ಮನಾಗುತ್ತಾರೆ, ಆದರೆ ಆಡಳಿತ ಪಾಸ್‌ವರ್ಡ್ ಮತ್ತೆ ಕಾರ್ಖಾನೆಯದಕ್ಕೆ ಮರಳಿರುತ್ತದೆ, WAN ಕಂಬದ ಗುರುತುಗಳೂ ಮೊದಲಿನಂತಾಗಿರುತ್ತವೆ. ಗುಡುಗು ಮಿಂಚಿಗೆ ಡಬ್ಬಿ ಸುಟ್ಟು ಕಂಪನಿಯವರು ಬೇರೆಯದನ್ನು ಹಾಕಿಕೊಟ್ಟಾಗಲೂ ಇದೇ ಸ್ಥಿತಿ. ಅಂಥ ದಿನ ತಂತ್ರಜ್ಞ ಗಾಡಿ ಹತ್ತುವ ಮುನ್ನವೇ, ಅವನು ಲಾಗಿನ್ ಆಗಿರುವಾಗಲೇ, ಆಡಳಿತ ಪಾಸ್‌ವರ್ಡ್ ಬದಲಾಯಿಸುವ ಪುಟವನ್ನು ತೆರೆದುಕೊಡಲು ಹೇಳಿ. ಟೈಪ್ ಮಾಡುವುದು ಮಾತ್ರ ನೀವೇ.